ಮನೆ ಬಿಟ್ಟುಹೋದ ಬಾಡಿಗೆದಾರರಿಂದ ಬಾಕಿ ಮತ್ತು ಹಾನಿಯ ಹಣ ಕೇಳುವ ಪತ್ರ: ಮೊದಲಿಂದ ಕೊನೆವರೆಗೆ

ಮನೆ ಖಾಲಿ ಮಾಡಿ ಹೋದವರಿಗೆ ಓನರ್‌ಗಳು ಬರೆಯುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಕಡೆ ಎಡವುತ್ತವೆ. "ಬಾಡಿಗೆ ಉಳಿಸಿಕೊಂಡಿದ್ದೀರಿ, ಮನೆ ಹಾಳು ಮಾಡಿದ್ದೀರಿ, ಒಟ್ಟು ಇಷ್ಟು ಕೊಡಿ" ಅಂತ ಒಂದೇ ಮೊತ್ತ ಬರೆದು ಕಳಿಸಿಬಿಡುತ್ತಾರೆ. ಆ ಕಡೆಯವರು "ಯಾವುದಕ್ಕೆ ಎಷ್ಟು?" ಎಂದು ತಿರುಗಿ ಕೇಳಿದರೆ ಹೇಳೋದಕ್ಕೆ ಉತ್ತರ ಇರುವುದಿಲ್ಲ.

ಪತ್ರದಲ್ಲಿ ಕೇಳುವ ಪ್ರತಿಯೊಂದು ಹಣಕ್ಕೂ ಮೂರು ಆಧಾರ ಬೇಕು: ಕರಾರಿನ ಯಾವ ಷರತ್ತು, ಏನು ಸಾಕ್ಷಿ, ಹೇಗೆ ಲೆಕ್ಕ. ಮೂರರಲ್ಲಿ ಒಂದು ಇಲ್ಲದಿದ್ದರೂ ಆ ಸಾಲನ್ನು ಪತ್ರದಿಂದ ತೆಗೆಯುವುದೇ ಒಳ್ಳೆಯದು. ಒಂದು ದುರ್ಬಲ ಸಾಲು ಪಕ್ಕದ ಗಟ್ಟಿ ಸಾಲುಗಳ ಮೇಲೂ ಅನುಮಾನ ತರುತ್ತದೆ.

ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಇದು ಲೆಕ್ಕ ತೋರಿಸಲು ಕಟ್ಟಿದ ಉದಾಹರಣೆ, ಹಣ ಯಾವ ದೇಶದ್ದಾದರೂ ಇರಲಿ. ತಿಂಗಳ ಬಾಡಿಗೆ 15,000, ಅಡ್ವಾನ್ಸ್ 15,000. ಬಾಡಿಗೆದಾರರು 2022ರ ಏಪ್ರಿಲ್ 1ಕ್ಕೆ ಬಂದರು. 2024ರ ಸೆಪ್ಟೆಂಬರ್ 1ರಂದು ಬರಹದಲ್ಲಿ ನೋಟಿಸ್ ಕೊಟ್ಟು, ಸೆಪ್ಟೆಂಬರ್ 20ಕ್ಕೆ ಬೀಗದ ಕೈ ಒಪ್ಪಿಸಿ ಹೋದರು. ಆಗಸ್ಟ್ ಬಾಡಿಗೆಯಲ್ಲಿ 7,000 ಮಾತ್ರ ಬಂದಿದೆ, ಸೆಪ್ಟೆಂಬರ್‌ನದು ಬಂದೇ ಇಲ್ಲ. ಮಲಗುವ ಕೋಣೆಯ ಬಾಗಿಲು ಒಡೆದಿದೆ, ಹಾಲ್‌ನ ಒಂದು ಗೋಡೆ ಗೀಚಿ ಹಾಳಾಗಿದೆ, ಅಡುಗೆಮನೆ ಕಟ್ಟೆಯ ಕಲ್ಲು ಸೀಳಿದೆ.

ಇಂಥ ಪತ್ರದ ಮೊದಲ ಕರಡಿನಲ್ಲಿ ಓನರ್ ಸಾಮಾನ್ಯವಾಗಿ ಬರೆಯುವುದು ಹೀಗೆ: ಬಾಡಿಗೆ ಬಾಕಿ 23,000. ಮನೆ ಖಾಲಿ ಬಿದ್ದಿದ್ದಕ್ಕೆ ಅಕ್ಟೋಬರ್ ಬಾಡಿಗೆ 15,000. ಇಡೀ ಮನೆಗೆ ಬಣ್ಣ 40,000. ಹೊಸ ಬಾಗಿಲು 9,000. ಹೊಸ ಕಲ್ಲು 10,000. ನಲ್ಲಿಗಳು 1,800. ಕರೆಂಟ್ ಬಿಲ್ 2,400. ಕ್ಲೀನಿಂಗ್ 2,000. ಒಟ್ಟು 1,03,200. ಅಡ್ವಾನ್ಸ್ ಕಳೆದರೆ 88,200. ಇದರಲ್ಲಿ ಎಷ್ಟು ನಿಲ್ಲುತ್ತದೆ ಅಂತ ಕೆಳಗೆ ಒಂದೊಂದಾಗಿ ನೋಡೋಣ.

## ಕೈಯಲ್ಲಿ ಏನೇನು ಇರಬೇಕು

ಸಹಿ ಆದ ಬಾಡಿಗೆ ಕರಾರು, ಅದನ್ನು ಮುಂದುವರಿಸಿದ ಪತ್ರ ಇದ್ದರೆ ಅದೂ. ಬಾಡಿಗೆ ಬಂದ ಬ್ಯಾಂಕ್ ಖಾತೆಯ ಸ್ಟೇಟ್‌ಮೆಂಟ್, ನಗದಿಗೆ ಕೊಟ್ಟ ರಸೀದಿಗಳ ಪ್ರತಿ. ಮನೆ ಕೊಟ್ಟಾಗಿನ ಫೋಟೋ ಅಥವಾ ಸಾಮಾನು ಪಟ್ಟಿ. ಮನೆ ಬಿಟ್ಟಾಗಿನ ಫೋಟೋ. ಕೊನೆಯ ಮೀಟರ್ ರೀಡಿಂಗ್. ರಿಪೇರಿಯ ಬಿಲ್ ಅಥವಾ ಕೋಟೇಶನ್. ಹಿಂದೆ ಬಣ್ಣ ಹೊಡೆಸಿದ, ಬಾಗಿಲು ಅಥವಾ ಕಲ್ಲು ಹಾಕಿಸಿದ ಬಿಲ್‌ಗಳು. ಈ ಕೊನೆಯದನ್ನು ಯಾರೂ ಹುಡುಕುವುದಿಲ್ಲ, ಆದರೆ ಹಾನಿಯ ಲೆಕ್ಕ ಗಟ್ಟಿಯಾಗುವುದು ಅದರಿಂದಲೇ.

## ಹಂತ 1: ರಿಪೇರಿಗೆ ಮೊದಲು ದಾಖಲೆ

ಬೀಗದ ಕೈ ಸಿಕ್ಕ ದಿನವೇ ಮನೆಗೆ ಹೋಗಿ ಫೋಟೋ ತೆಗೆಯಿರಿ. ಕೆಲಸದವರನ್ನು ಕರೆಸುವುದು ಆಮೇಲೆ. ಎರಡು ವಾರ ಬಿಟ್ಟು ತೆಗೆದ ಫೋಟೋಗೆ "ನಾವು ಹೋದಮೇಲೆ ಆಗಿದ್ದು" ಎಂಬ ಒಂದು ಮಾತು ಸಾಕು.

ಪ್ರತಿ ಹಾನಿಗೂ ಎರಡು ಫೋಟೋ ಬೇಕು. ಒಂದು ದೂರದಿಂದ, ಇದು ಯಾವ ಕೋಣೆ ಅಂತ ಗೊತ್ತಾಗುವ ಹಾಗೆ. ಇನ್ನೊಂದು ಹತ್ತಿರದಿಂದ, ಪಕ್ಕದಲ್ಲಿ ಅಳತೆ ಟೇಪ್ ಹಿಡಿದು. ಬರೀ ಹತ್ತಿರದ ಫೋಟೋ ಇದ್ದರೆ ಅದು ಯಾರ ಮನೆಯ ಬಾಗಿಲು ಅಂತ ಹೇಳೋಕಾಗಲ್ಲ. ಮೂಲ ಫೈಲ್‌ಗಳನ್ನು ಫೋನಿನಲ್ಲಿ ಹಾಗೇ ಉಳಿಸಿ, ಇನ್ನೊಂದು ಕಡೆಗೂ ನಕಲು ಮಾಡಿಡಿ. ಮೆಸೇಜ್ ಆ್ಯಪ್‌ನಲ್ಲಿ ಕಳಿಸಿದ ಫೋಟೋದಲ್ಲಿ ತೆಗೆದ ದಿನಾಂಕದ ವಿವರ ಸಾಮಾನ್ಯವಾಗಿ ಅಳಿಸಿಹೋಗುತ್ತದೆ.

ಸಾಧ್ಯವಾದರೆ ಬಾಡಿಗೆದಾರರನ್ನೂ ಕರೆದು ಜೊತೆಯಲ್ಲೇ ಮನೆ ನೋಡಿ, ಪಟ್ಟಿಗೆ ಇಬ್ಬರೂ ಸಹಿ ಹಾಕಿ. ಅವರು ಬರದಿದ್ದರೆ ಕರೆದ ಮೆಸೇಜ್ ಉಳಿಸಿಕೊಳ್ಳಿ. ಅವರ ಸಾಮಾನು ಏನಾದರೂ ಮನೆಯಲ್ಲಿ ಉಳಿದಿದ್ದರೆ ಎಸೆಯಬೇಡಿ, ಮಾರಬೇಡಿ. ಪಟ್ಟಿ ಮಾಡಿ, ತೆಗೆದುಕೊಂಡು ಹೋಗಲು ಬರಹದಲ್ಲಿ ಗಡುವು ಕೊಡಿ. ಇಲ್ಲದಿದ್ದರೆ ಹಣ ಕೇಳಲು ಹೋದ ನೀವೇ ಹಣ ಕೊಡಬೇಕಾದೀತು.

## ಹಂತ 2: ಕರಾರನ್ನು ಪೆನ್ಸಿಲ್ ಹಿಡಿದು ಓದಿ

ಪತ್ರದಲ್ಲಿ "ಕರಾರಿನ ಪ್ರಕಾರ" ಅಂತ ಸುಮ್ನೆ ಬರೆದರೆ ಸಾಲದು. ಷರತ್ತಿನ ಸಂಖ್ಯೆ ಬೇಕು, ಅದರ ಮಾತುಗಳು ಇದ್ದ ಹಾಗೇ ಬೇಕು. ಉದಾಹರಣೆಯ ಕರಾರಿನಲ್ಲಿ ಕೆಲಸಕ್ಕೆ ಬರುವುದು ಐದು ಷರತ್ತುಗಳು: 3ನೆಯದು ಪ್ರತಿ ತಿಂಗಳು 5ರೊಳಗೆ ಬಾಡಿಗೆ. 4ನೆಯದು ಬಾಕಿ ಮತ್ತು ಹಾನಿಯನ್ನು ಅಡ್ವಾನ್ಸ್‌ನಲ್ಲಿ ಹಿಡಿದುಕೊಂಡು, ಉಳಿದದ್ದನ್ನು 30 ದಿನದಲ್ಲಿ ವಾಪಸ್ ಕೊಡುವುದು. 7ನೆಯದು ಒಂದು ತಿಂಗಳ ನೋಟಿಸ್. 9ನೆಯದು ಸಾಮಾನ್ಯ ಬಳಕೆಯ ಸವೆತ ಬಿಟ್ಟು, ಮನೆಯನ್ನು ಕೊಟ್ಟ ಸ್ಥಿತಿಯಲ್ಲೇ ಒಪ್ಪಿಸುವುದು. 11ನೆಯದು ಕರೆಂಟ್ ಬಿಲ್ ಬಾಡಿಗೆದಾರರದು.

ಇಲ್ಲದ ಷರತ್ತನ್ನೂ ಗುರುತು ಹಾಕಿಕೊಳ್ಳಿ. ಈ ಕರಾರಿನಲ್ಲಿ ತಡವಾದ ಬಾಡಿಗೆಗೆ ಬಡ್ಡಿ ಎಂದಿಲ್ಲ. ಹಾಗಾಗಿ ಮನಸ್ಸಿಗೆ ಬಂದ ಬಡ್ಡಿ ಸೇರಿಸಬಾರದು. ಮನೆ ಬಿಡುವಾಗ ಬಣ್ಣದ ಹಣ ಕೊಡಬೇಕು ಎಂದೂ ಇಲ್ಲ. ಬಣ್ಣದ ಮಾತು ಬರುವುದಾದರೆ 9ನೇ ಷರತ್ತಿನ ಅಡಿಯಲ್ಲಿ ಹಾನಿಯಾಗಿಯೇ ಬರಬೇಕು.

ಕರಾರಿನ ಅವಧಿ ಮುಗಿದ ಮೇಲೂ ಅವರು ಹಾಗೇ ಮುಂದುವರಿದಿದ್ದರೆ, ನವೀಕರಣದ ಪತ್ರ ಇದೆಯಾ ಅಂತ ನೋಡಿ. ಇಲ್ಲದಿದ್ದರೆ ಹಳೇ ಷರತ್ತುಗಳು ಎಷ್ಟರಮಟ್ಟಿಗೆ ಅನ್ವಯಿಸುತ್ತವೆ ಎಂದು ಪತ್ರ ಕಳಿಸುವ ಮೊದಲೇ ವಕೀಲರನ್ನು ಕೇಳಿ. ಕರಾರು ಮಾತಾಡದ ಕಡೆ ಕಾನೂನು ಮಾತಾಡುವುದುಂಟು. ಭಾರತದ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್, ಬೇರೆ ಒಪ್ಪಂದ ಇಲ್ಲದಿದ್ದಾಗ, ಸಹಜ ಸವೆತ ಮತ್ತು ತಡೆಯಲಾಗದ ಅವಘಡ ಬಿಟ್ಟು ಸ್ವತ್ತನ್ನು ಪಡೆದಾಗಿನ ಒಳ್ಳೆಯ ಸ್ಥಿತಿಯಲ್ಲೇ ಹಿಂದಿರುಗಿಸಬೇಕು ಎನ್ನುತ್ತದೆ.

ಗಡುವುಗಳನ್ನೂ ಈಗಲೇ ನೋಡಿ, ಅವು ಒಂದೊಂದು ಕಡೆ ಒಂದೊಂದು ಥರ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಅಡ್ವಾನ್ಸ್‌ನಲ್ಲಿ ಏನೇನು ಹಿಡಿದಿರಿ ಎಂಬ ಬಿಡಿಬಿಡಿ ಲೆಕ್ಕವನ್ನು 21 ದಿನದಲ್ಲಿ ಕೊಡಬೇಕು. ಬಾಡಿಗೆ ಬಾಕಿಗೆ ದಾವೆ ಹೂಡಲು ಭಾರತದಲ್ಲಿ ಸಾಮಾನ್ಯವಾಗಿ 3 ವರ್ಷ, ಇಂಗ್ಲೆಂಡಿನಲ್ಲಿ 6 ವರ್ಷ ಕಾಲ. ಇದು ಪ್ರತಿ ತಿಂಗಳ ಬಾಕಿಗೂ ಬೇರೆಬೇರೆಯಾಗಿ ಓಡುವ ಗಡಿಯಾರ, ಮನೆ ಬಿಟ್ಟ ದಿನದಿಂದ ಶುರುವಾಗುವುದಲ್ಲ.

## ಹಂತ 3: ಬಾಡಿಗೆ ಬಾಕಿಯ ಲೆಕ್ಕ

ತಿಂಗಳು, ಬರಬೇಕಾದದ್ದು, ಬಂದದ್ದು, ಬಂದ ದಿನ, ಬಾಕಿ ಎಂದು ಐದು ಕಾಲಂ ಹಾಕಿ. ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿಯೇ ತುಂಬಿಸಿ, ನೆನಪಿನಿಂದ ಬೇಡ. ಪತ್ರಕ್ಕೆ ಲಗತ್ತಿಸುವಾಗ ಬಾಕಿ ಇರುವ ತಿಂಗಳು ಮತ್ತು ಅದರ ಹಿಂದಿನ ಒಂದೆರಡು ತಿಂಗಳು ತೋರಿಸಿದರೆ ಸಾಕು:

| ತಿಂಗಳು (2024) | ಬರಬೇಕಾದದ್ದು | ಬಂದದ್ದು | ಬಂದ ದಿನ | ಬಾಕಿ |
|---|---|---|---|---|
| ಜುಲೈ | 15,000 | 15,000 | ಜುಲೈ 4 | 0 |
| ಆಗಸ್ಟ್ | 15,000 | 7,000 | ಆಗಸ್ಟ್ 12 | 8,000 |
| ಸೆಪ್ಟೆಂಬರ್ | 15,000 | 0 | – | 15,000 |
| ಒಟ್ಟು | | | | 23,000 |

ಸೆಪ್ಟೆಂಬರ್ ಬಗ್ಗೆ ಜಗಳ ಬಂದೇ ಬರುತ್ತದೆ. "20ಕ್ಕೇ ಖಾಲಿ ಮಾಡಿದ್ದೀವಲ್ಲ, 20 ದಿನದ್ದು ಮಾತ್ರ ಕೊಡ್ತೀವಿ" ಅನ್ನುತ್ತಾರೆ. ಉತ್ತರ 7ನೇ ಷರತ್ತಿನಲ್ಲಿದೆ. ಸೆಪ್ಟೆಂಬರ್ 1ಕ್ಕೆ ಕೊಟ್ಟ ಒಂದು ತಿಂಗಳ ನೋಟಿಸ್ 30ಕ್ಕೆ ಮುಗಿಯುತ್ತದೆ. ಮೊದಲೇ ಹೋದದ್ದು ಅವರ ಇಷ್ಟ. ಆದರೆ ನೀವು 24ಕ್ಕೇ ಹೊಸಬರನ್ನು ಇಟ್ಟಿದ್ದರೆ, 23ರವರೆಗಿನ ಬಾಡಿಗೆ ಮಾತ್ರ ಕೇಳಿ. ಒಂದೇ ದಿನಕ್ಕೆ ಇಬ್ಬರಿಂದ ಬಾಡಿಗೆ ಕೇಳಿದಿರಿ ಅಂತಾದರೆ ಪತ್ರದ ಮರ್ಯಾದೆ ಹೋಯಿತು.

ಅಕ್ಟೋಬರ್‌ನ 15,000 ಹೊಡೆದುಹಾಕಿ. ನೋಟಿಸ್ ಅವಧಿ ಮುಗಿದಿದೆ. ಮನೆಗೆ ಹೊಸಬರು ಬರಲಿಲ್ಲ ಎಂಬುದು ಹಳಬರ ಹೊಣೆಯಲ್ಲ. ಹಾನಿಯಿಂದಲೇ ಮನೆ ಇಷ್ಟು ದಿನ ಕೊಡಲಾಗಲಿಲ್ಲ ಅಂತ ತೋರಿಸಬಲ್ಲಿರಾದರೆ ಬೇರೆ ಮಾತು. ಒಡೆದ ಬಾಗಿಲು ಮತ್ತು ಒಂದು ಗೋಡೆಗೆ ಅದು ಕಷ್ಟ.

## ಹಂತ 4: ಸವೆತ ಯಾವುದು, ಹಾನಿ ಯಾವುದು

ಅತಿ ಹೆಚ್ಚು ಪತ್ರಗಳು ಬೀಳುವುದು ಇಲ್ಲೇ. ಒಬ್ಬ ಜೋಪಾನದ ಮನುಷ್ಯ ಅದೇ ಮನೆಯಲ್ಲಿ ಅಷ್ಟೇ ಕಾಲ ಇದ್ದಿದ್ದರೂ ಇದು ಆಗುತ್ತಿತ್ತಾ ಅಂತ ಕೇಳಿಕೊಳ್ಳಿ. ಹೌದಾದರೆ ಸವೆತ. ಅದರ ಖರ್ಚು ಓನರ್‌ದೇ, ತಿಂಗಳು ತಿಂಗಳು ಪಡೆದ ಬಾಡಿಗೆಯಲ್ಲಿ ಅದು ಸೇರಿಕೊಂಡಿದೆ. ಅಜಾಗ್ರತೆಯಿಂದ, ಒರಟು ಬಳಕೆಯಿಂದ ಅಥವಾ ಬೇಕಂತಲೇ ಆಗಿದ್ದರೆ ಹಾನಿ.

ಬೀರು ಸರಿಸಿದ ಮೇಲೆ ಕಾಣುವ ಬಣ್ಣದ ಛಾಯೆ ಸವೆತ. ಬಿಸಿಲಿಗೆ ಮಾಸಿದ ಗೋಡೆ ಸವೆತ. ಕ್ಯಾಲೆಂಡರ್ ನೇತುಹಾಕಿದ ಸಣ್ಣ ಮೊಳೆಯ ತೂತು, ಓಡಾಡಿ ಹೊಳಪು ಹೋದ ನೆಲ, ಸಡಿಲಾದ ಬಾಗಿಲಿನ ತಿರುಗಣೆ, ವಾಷರ್ ಸವೆದು ತೊಟ್ಟಿಕ್ಕುವ ನಲ್ಲಿ, ಎಲ್ಲವೂ ಸವೆತವೇ. ಹೀಗಾಗಿ ನಲ್ಲಿಗಳ 1,800 ಪಟ್ಟಿಯಿಂದ ಹೋಯಿತು.

ಹಾಲ್‌ನ ಗೋಡೆ ಬೇರೆ. ಅಲ್ಲಿ ಮಾರ್ಕರ್ ಪೆನ್ನಿನ ಗೀಚು ಇದೆ, ಟಿವಿ ಸ್ಟ್ಯಾಂಡ್ ಕಿತ್ತಾಗ ಗಾರೆ ಸಮೇತ ಎದ್ದು ಬಂದಿದೆ. ಅದು ಹಾನಿ. ಆದರೆ ಆ ಒಂದು ಗೋಡೆ ಮಾತ್ರ. ಮಿಕ್ಕ ಗೋಡೆಗಳು ಎರಡೂವರೆ ವರ್ಷಕ್ಕೆ ಮಾಸಬೇಕಾದಷ್ಟೇ ಮಾಸಿವೆ.

ಗೋಡೆಯ ಕಪ್ಪು ಬೂಷ್ಟು ಇದ್ದರೆ ಅವಸರಪಡಬೇಡಿ. ಗೋಡೆಯೊಳಗಿಂದ ಅಥವಾ ಸೂರಿನಿಂದ ನೀರು ಇಳಿದು ಬಂದಿದ್ದರೆ ಅದು ಕಟ್ಟಡದ ದೋಷ. ಬಾಡಿಗೆದಾರರು ಸೋರಿಕೆ ಬಗ್ಗೆ ಮೊದಲೇ ಮೆಸೇಜ್ ಮಾಡಿದ್ದು, ನೀವು ಸುಮ್ಮನಿದ್ದರೆ ಆ ಸಾಲನ್ನು ಮುಟ್ಟಲೇಬೇಡಿ. ಹಳೇ ಮೆಸೇಜ್‌ಗಳನ್ನು ಒಮ್ಮೆ ಹುಡುಕಿ ನೋಡುವುದು ಇದಕ್ಕೇ.

ಇನ್ನೊಂದು ಮುಖ್ಯ ವಿಷಯ: ಮನೆ ಕೊಟ್ಟಾಗ ಆ ವಸ್ತು ಚೆನ್ನಾಗಿತ್ತು ಎನ್ನಲು ಏನಿದೆ? ಆಗಿನ ಫೋಟೋ, ಸಹಿ ಮಾಡಿದ ಪಟ್ಟಿ, ಬಣ್ಣದ ಬಿಲ್, ಏನಾದರೂ ಒಂದು ಬೇಕು. ಏನೂ ಇಲ್ಲದಿದ್ದರೆ ಆ ಹಾನಿಯನ್ನು ಪತ್ರದಲ್ಲಿ ಬರೆಯಬಹುದು, ಆದರೆ ಅವರು ಅಲ್ಲಗಳೆದರೆ ಅದನ್ನು ಬಿಟ್ಟುಕೊಡಲು ತಯಾರಿರಿ.

## ಹಂತ 5: ಹಾನಿಗೆ ಬೆಲೆ ಕಟ್ಟುವುದು

ರಿಪೇರಿ ಆಗುವುದಾದರೆ ರಿಪೇರಿಯ ಹಣ ಮಾತ್ರ. ಬಾಗಿಲಿಗೆ ಬಡಗಿ ತೇಪೆ ಹಾಕಿ ಪಾಲಿಶ್ ಮಾಡಲು 3,500 ತೆಗೆದುಕೊಂಡಿದ್ದಾರೆ. ಹಾಗಿದ್ದ ಮೇಲೆ ಹೊಸ ಬಾಗಿಲಿನ 9,000 ಕೇಳುವಂತಿಲ್ಲ.

ಹೊಸದು ಹಾಕಲೇಬೇಕಾದಾಗ ವಯಸ್ಸು ಕಳೆಯಬೇಕು. ಹಳೆಯದು ಹೋಗಿ ಹೊಸದು ಬಂದರೆ ನಿಮಗೆ ಲಾಭ, ಆ ಲಾಭಕ್ಕೆ ಬಾಡಿಗೆದಾರರು ಹಣ ಕೊಡಬೇಕಿಲ್ಲ. ವಸ್ತು ಇನ್ನು ಎಷ್ಟು ಕಾಲ ಬಾಳುತ್ತಿತ್ತೋ ಅಷ್ಟರ ಬೆಲೆ ಕೇಳಿ:

```
ಕೇಳುವ ಮೊತ್ತ = ಖರ್ಚು × ಉಳಿದ ಬಾಳಿಕೆ ÷ ಒಟ್ಟು ಬಾಳಿಕೆ
```

ಹಾಲ್‌ಗೆ ಬಣ್ಣ ಹೊಡೆಸಿದ್ದು 2022ರ ಮಾರ್ಚ್ ಕೊನೆಯಲ್ಲಿ. ಬಿಟ್ಟು ಹೋಗುವಾಗ ಹತ್ತಿರ ಹತ್ತಿರ 30 ತಿಂಗಳು. ಬಣ್ಣದ ಬಾಳಿಕೆ 5 ವರ್ಷ, ಅಂದರೆ 60 ತಿಂಗಳು ಎಂದು ಹಿಡಿದರೆ ಅರ್ಧ ಉಳಿದಿದೆ. ಆ ಗೋಡೆಯ ಗಾರೆ ಮತ್ತು ಬಣ್ಣಕ್ಕೆ ಕೋಟೇಶನ್ 3,000. ಕೇಳಬೇಕಾದದ್ದು 1,500. (ಗಾರೆಯ ಭಾಗ ರಿಪೇರಿ, ಅದಕ್ಕೆ ವಯಸ್ಸು ಕಳೆಯಬೇಕಿಲ್ಲ ಅಂತ ವಾದಿಸಬಹುದು. ಇಷ್ಟು ಸಣ್ಣ ಮೊತ್ತಕ್ಕೆ ಆ ವಾದ ಬೇಡ.)

ಕಟ್ಟೆಯ ಕಲ್ಲು ಹಾಕಿಸಿ 10 ವರ್ಷ. ಬಾಳಿಕೆ 20 ವರ್ಷ ಎಂದು ಹಿಡಿದರೆ ಉಳಿದದ್ದು 10. ಹೊಸ ಕಲ್ಲಿಗೆ 10,000 ಆದರೆ ಕೇಳುವುದು 5,000. ಈ ಬಾಳಿಕೆಯ ವರ್ಷಗಳು ಎಲ್ಲೂ ಕಲ್ಲಿನಲ್ಲಿ ಕೊರೆದಿಟ್ಟವಲ್ಲ. ಅದಕ್ಕೇ ಎಷ್ಟು ವರ್ಷ ಹಿಡಿದಿರಿ ಅಂತ ಪತ್ರದಲ್ಲೇ ಬರೆಯಿರಿ. ಒಪ್ಪದಿದ್ದರೆ ಅವರು ವರ್ಷದ ಬಗ್ಗೆ ವಾದಿಸುತ್ತಾರೆ, ಹಾನಿಯ ಬಗ್ಗೆ ಅಲ್ಲ. ಅದು ನಿಮಗೆ ಒಳ್ಳೆಯದೇ. ಬಾಳಿಕೆ ಪೂರ್ತಿ ಮುಗಿದ ವಸ್ತು, ಉದಾಹರಣೆಗೆ 8 ವರ್ಷದ ಹಳೇ ಬಣ್ಣ, ಹಾಳಾಗಿದ್ದರೆ ಈ ಲೆಕ್ಕದಲ್ಲಿ ಸಿಗುವುದು ಸೊನ್ನೆ.

ಬಿಲ್ ಇದ್ದರೆ ಬಿಲ್, ಕೆಲಸ ಇನ್ನೂ ಆಗಿಲ್ಲದಿದ್ದರೆ ಕೋಟೇಶನ್. ಆದರೆ ಕೋಟೇಶನ್ ಅನ್ನು ಬಿಲ್ ಎಂದು ತೋರಿಸಬೇಡಿ. ನೀವೇ ಕೆಲಸ ಮಾಡಿದ್ದರೆ ಸಾಮಾನಿನ ರಸೀದಿ ಮತ್ತು ಮಾಡಿದ ಗಂಟೆ ಬರೆದಿಡಿ. ಕ್ಲೀನಿಂಗ್‌ನ 2,000 ಇಲ್ಲಿ ನಿಲ್ಲುತ್ತದೆ, ಯಾಕೆಂದರೆ ಹಿತ್ತಿಲಲ್ಲಿ ಬಿಟ್ಟುಹೋದ ಕಸದ ಮೂಟೆಗಳ ಫೋಟೋ ಇದೆ, ಸಾಗಿಸಿದವರ ಬಿಲ್ ಇದೆ. ಹೊಸಬರು ಬರುವ ಮೊದಲು ಹೇಗೂ ಮಾಡಿಸುವ ಗುಡಿಸಿ ಒರೆಸುವ ಕೆಲಸಕ್ಕೆ ಕೇಳುವಂತಿಲ್ಲ.

## ಹಂತ 6: ಅಡ್ವಾನ್ಸ್ ಕಳೆದು ನಿಂತ ಮೊತ್ತ

ಬಾಡಿಗೆ 23,000, ಕರೆಂಟ್ 2,400, ಬಾಗಿಲು 3,500, ಗೋಡೆ 1,500, ಕಲ್ಲು 5,000, ಕಸ ಸಾಗಣೆ 2,000. ಒಟ್ಟು 37,400. ಅಡ್ವಾನ್ಸ್ 15,000 ಕಳೆದರೆ 22,400.

ಮೊದಲ ಕರಡಿನ 88,200 ಎಲ್ಲಿ, ಇದೆಲ್ಲಿ ಅನ್ನಿಸಬಹುದು. ಆದರೆ 88,200 ಯಾವತ್ತೂ ಬರುವ ಹಣ ಆಗಿರಲಿಲ್ಲ. ದೊಡ್ಡದಾಗಿ ಕೇಳಿ ಆಮೇಲೆ ಚೌಕಾಸಿಗೆ ಇಳಿಯೋಣ ಅನ್ನುವವರು ಇದ್ದಾರೆ, ನನಗದು ಸರಿ ಕಾಣುವುದಿಲ್ಲ. ಮುಂದೆ ವ್ಯಾಜ್ಯವಾದರೆ ನ್ಯಾಯಾಧೀಶರ ಎದುರು ಓದುವುದು ಇದೇ ಪತ್ರವನ್ನು.

ಅಡ್ವಾನ್ಸ್ ಅನ್ನು ಪತ್ರದಲ್ಲಿ ಕಾಣಿಸದೇ ಬಿಡುವುದು ಇನ್ನೊಂದು ಸಾಮಾನ್ಯ ತಪ್ಪು. ಅದು ಅವರ ಹಣ. ಲೆಕ್ಕದಲ್ಲಿ ಅದನ್ನು ತಪ್ಪದೇ ಕಳೆದು ತೋರಿಸಿ. ಕಳೆದ ಮೇಲೆ ಏನೂ ಬಾಕಿ ಬರದಿದ್ದರೆ ನೀವು ಬರೆಯಬೇಕಾದದ್ದು ಈ ಪತ್ರವಲ್ಲ, ಲೆಕ್ಕದ ಜೊತೆಗೆ ಉಳಿಕೆ ಹಣ.

## ಹಂತ 7: ಪತ್ರ ಬರೆಯುವುದು

ಎರಡು ಪುಟ ದಾಟಬಾರದು. ಕರಾರಿಗೆ ಸಹಿ ಮಾಡಿದ ಎಲ್ಲರ ಹೆಸರೂ ಇರಲಿ. ಬೈಗುಳ, ವ್ಯಂಗ್ಯ, "ನಿಮ್ಮನ್ನು ಮನೆಯವರಂತೆ ನೋಡಿಕೊಂಡಿದ್ದೆವು" ಎಂಬ ಕೊರಗು, ಯಾವುದೂ ಬೇಡ. ಪೊಲೀಸರಿಗೆ ಹೇಳ್ತೀನಿ, ಆಫೀಸಿಗೆ ತಿಳಿಸ್ತೀನಿ ಎಂಬ ಬೆದರಿಕೆಯಂತೂ ಬೇಡವೇ ಬೇಡ. ಬಾಡಿಗೆ ಬಾಕಿ ಸಾಮಾನ್ಯವಾಗಿ ಸಿವಿಲ್ ವ್ಯವಹಾರ, ಅಂಥ ಬೆದರಿಕೆ ನಿಮ್ಮ ಮೇಲೇ ತಿರುಗೀತು. ನಮೂನೆ ಹೀಗಿರಲಿ:

> ದಿನಾಂಕ: 7 ಅಕ್ಟೋಬರ್ 2024
>
> ಇವರಿಗೆ: (ಕರಾರಿನಲ್ಲಿರುವ ಎಲ್ಲ ಬಾಡಿಗೆದಾರರ ಹೆಸರು, ಈಗಿನ ವಿಳಾಸ)
>
> ಇವರಿಂದ: (ಮಾಲೀಕರ ಹೆಸರು, ವಿಳಾಸ)
>
> ವಿಷಯ: (ಮನೆಯ ವಿಳಾಸ) – ಬಾಡಿಗೆ ಬಾಕಿ ಮತ್ತು ಹಾನಿಯ ಬಾಬ್ತು 22,400 ಪಾವತಿ ಕುರಿತು
>
> ಮಾನ್ಯರೇ,
>
> 1 ಏಪ್ರಿಲ್ 2022ರಿಂದ ಜಾರಿಗೆ ಬಂದ ಬಾಡಿಗೆ ಕರಾರಿನಂತೆ ನೀವು ಮೇಲಿನ ಮನೆಯಲ್ಲಿ ವಾಸವಿದ್ದಿರಿ. 1 ಸೆಪ್ಟೆಂಬರ್ 2024ರಂದು ನೋಟಿಸ್ ಕೊಟ್ಟು, 20 ಸೆಪ್ಟೆಂಬರ್ 2024ರಂದು ಬೀಗದ ಕೈ ಒಪ್ಪಿಸಿದ್ದೀರಿ. ಅದೇ ದಿನ ಮನೆಯ ಸ್ಥಿತಿಯನ್ನು ಪರಿಶೀಲಿಸಿ ಫೋಟೋ ತೆಗೆಯಲಾಗಿದೆ.
>
> 1. ಬಾಡಿಗೆ (ಷರತ್ತು 3 ಮತ್ತು 7): ಆಗಸ್ಟ್ ಬಾಕಿ 8,000. ಸೆಪ್ಟೆಂಬರ್ 15,000. ನೋಟಿಸ್ ಅವಧಿ 30 ಸೆಪ್ಟೆಂಬರ್‌ಗೆ ಮುಗಿದಿದೆ. ಒಟ್ಟು 23,000. (ಲಗತ್ತು 1: ಪಾವತಿ ಪಟ್ಟಿ)
>
> 2. ಕರೆಂಟ್ (ಷರತ್ತು 11): 20 ಸೆಪ್ಟೆಂಬರ್‌ನ ರೀಡಿಂಗ್‌ವರೆಗೆ 2,400. (ಲಗತ್ತು 2: ಬಿಲ್, ಮೀಟರ್ ಫೋಟೋ)
>
> 3. ಹಾನಿ (ಷರತ್ತು 9): ಕೆಳಗಿನವು ಸಾಮಾನ್ಯ ಬಳಕೆಯ ಸವೆತವನ್ನು ಮೀರಿವೆ.
> ಅ) ಮಲಗುವ ಕೋಣೆಯ ಬಾಗಿಲಿನ ಕೆಳಭಾಗ ಒಡೆದಿದೆ. ರಿಪೇರಿ ಬಿಲ್ 3,500.
> ಆ) ಹಾಲ್‌ನ ಪೂರ್ವ ಗೋಡೆಯಲ್ಲಿ ಮಾರ್ಕರ್ ಗೀಚು, ಕಿತ್ತ ಗಾರೆ. ಕೋಟೇಶನ್ 3,000. ಬಣ್ಣದ ಬಾಳಿಕೆ 60 ತಿಂಗಳು ಎಂದು ಹಿಡಿದು, ಬಳಕೆಯಾದ 30 ತಿಂಗಳು ಕಳೆದು 1,500.
> ಇ) ಅಡುಗೆಮನೆ ಕಟ್ಟೆಯ ಕಲ್ಲು ಸೀಳಿದೆ. ಕೋಟೇಶನ್ 10,000. ಬಾಳಿಕೆ 20 ವರ್ಷ ಎಂದು ಹಿಡಿದು, ಬಳಕೆಯಾದ 10 ವರ್ಷ ಕಳೆದು 5,000.
> ಈ) ಹಿತ್ತಿಲಲ್ಲಿ ಬಿಟ್ಟ ಕಸದ ಸಾಗಣೆ. ಬಿಲ್ 2,000.
> (ಲಗತ್ತು 3: ಮನೆ ಕೊಟ್ಟಾಗಿನ ಮತ್ತು ಬಿಟ್ಟಾಗಿನ ಫೋಟೋಗಳು. ಲಗತ್ತು 4: ಬಿಲ್, ಕೋಟೇಶನ್)
>
> ಒಟ್ಟು 37,400. ಷರತ್ತು 4ರಂತೆ ನಿಮ್ಮ ಅಡ್ವಾನ್ಸ್ 15,000 ಹೊಂದಿಸಿಕೊಂಡ ಮೇಲೆ ಬರಬೇಕಾದದ್ದು 22,400.
>
> ಈ ಮೊತ್ತವನ್ನು 28 ಅಕ್ಟೋಬರ್ 2024ರೊಳಗೆ ಕೆಳಗಿನ ಖಾತೆಗೆ ಪಾವತಿಸಲು ಕೋರುತ್ತೇನೆ. ಯಾವುದಾದರೂ ಬಾಬ್ತನ್ನು ನೀವು ಒಪ್ಪದಿದ್ದರೆ, ಯಾವುದು ಮತ್ತು ಏಕೆ ಎಂದು ಅದೇ ದಿನದೊಳಗೆ ಬರಹದಲ್ಲಿ ತಿಳಿಸಿ. ಆ ದಿನದೊಳಗೆ ಹಣವಾಗಲಿ ಉತ್ತರವಾಗಲಿ ಬರದಿದ್ದರೆ ಕಾನೂನು ಪ್ರಕಾರ ವಸೂಲಿಗೆ ಮುಂದುವರಿಯುತ್ತೇನೆ.
>
> (ಖಾತೆ ವಿವರ, ಸಹಿ, ಲಗತ್ತುಗಳ ಪಟ್ಟಿ)

"ಕೂಡಲೇ ಕೊಡಿ" ಎನ್ನಬೇಡಿ, ತಾರೀಖು ಬರೆಯಿರಿ. ಇಲ್ಲಿ 21 ದಿನ ಕೊಟ್ಟಿದೆ. ಅಂಚೆ ತಲುಪಿ, ಅವರು ಫೋಟೋ ನೋಡಿ, ಯಾರನ್ನಾದರೂ ಕೇಳಿ ಉತ್ತರಿಸಲು ಅಷ್ಟು ಸಾಕು. ಕಡಿಮೆಗೆ ಒಪ್ಪುವ ಮನಸ್ಸಿದ್ದರೂ ಈ ಪತ್ರದಲ್ಲಿ ಹೇಳಬೇಡಿ. ರಾಜಿಯ ಮಾತು ಬೇರೆಯಾಗಿಯೇ ಇರಲಿ.

## ಹಂತ 8: ಕಳಿಸುವುದು

ತಲುಪಿದ್ದಕ್ಕೆ ದಾಖಲೆ ಸಿಗುವ ಅಂಚೆಯಲ್ಲಿ ಕಳಿಸಿ, ಅದೇ ದಿನ ಇಮೇಲ್‌ಗೂ ಹಾಕಿ. ಕರಾರಿನಲ್ಲಿ ನೋಟಿಸ್ ಹೇಗೆ ಕಳಿಸಬೇಕು ಎಂದಿದ್ದರೆ ಆ ದಾರಿ ತಪ್ಪದಿರಲಿ. ಹೊಸ ವಿಳಾಸ ಗೊತ್ತಿಲ್ಲದಿದ್ದರೆ ಕರಾರಿನಲ್ಲಿ ಬರೆದ ಖಾಯಂ ವಿಳಾಸಕ್ಕೆ ಕಳಿಸಿ. ಖಾಲಿ ಮಾಡಿದ ನಿಮ್ಮದೇ ಮನೆಯ ವಿಳಾಸಕ್ಕೆ ಮಾತ್ರ ಕಳಿಸಿ "ತಲುಪಿಸಿದೆ" ಎನ್ನುವುದು ನಡೆಯುವ ಮಾತಲ್ಲ.

ಪತ್ರ ವಾಪಸ್ ಬಂದರೆ ಲಕೋಟೆ ಒಡೆಯಬೇಡಿ. ಅಂಚೆಯವರು ಬರೆದ ಷರಾ ಸಮೇತ ಹಾಗೇ ಇಡಿ, ಒಳಗೆ ಏನಿತ್ತು ಅಂತ ಆಮೇಲೆ ತೋರಿಸಲು ಅದು ಬೇಕಾಗಬಹುದು. ಬಾಡಿಗೆದಾರರ ಆಫೀಸಿಗೆ, ನೆಂಟರಿಗೆ, ಅಪಾರ್ಟ್‌ಮೆಂಟ್ ಗ್ರೂಪಿಗೆ ಪ್ರತಿ ಹಾಕಬೇಡಿ. ಕರಾರಿಗೆ ಜಾಮೀನು ಸಹಿ ಹಾಕಿದವರಿದ್ದರೆ ಅವರಿಗೆ ಮಾತ್ರ ಒಂದು ಪ್ರತಿ.

## ಹಂತ 9: ಉತ್ತರ ಬಂದಾಗ, ಬರದಿದ್ದಾಗ

"ಕೊನೇ ತಿಂಗಳಿಗೆ ಅಡ್ವಾನ್ಸ್ ಹಿಡ್ಕೊಳ್ಳಿ ಅಂದಿದ್ವಲ್ಲ" ಎಂಬ ಉತ್ತರ ಬಂದರೆ ಗಾಬರಿ ಬೇಡ. ಅಡ್ವಾನ್ಸ್ ಈಗಾಗಲೇ ಲೆಕ್ಕದಲ್ಲಿ ಕಳೆದಿದೆ, ಒಂದೇ ಹಣವನ್ನು ಎರಡು ಸಲ ಕಳೆಯಲಾಗುವುದಿಲ್ಲ. ಆ ಸಾಲನ್ನು ತೋರಿಸಿದರೆ ಮುಗಿಯಿತು. "ಕಲ್ಲು ಮೊದಲೇ ಸೀಳಿತ್ತು" ಎಂದರೆ ಮನೆ ಕೊಟ್ಟಾಗಿನ ಫೋಟೋ ಕಳಿಸಿ. ಅದು ನಿಮ್ಮಲ್ಲಿ ಇಲ್ಲದಿದ್ದರೆ 5,000 ಬಿಟ್ಟು 17,400ಕ್ಕೆ ಒಪ್ಪುವುದು ಜಾಣತನ. ಒಂದು ಕಲ್ಲಿನ ಹಠಕ್ಕೆ ನಿರ್ವಿವಾದದ ಬಾಡಿಗೆ ವರ್ಷಗಟ್ಟಲೆ ನಿಲ್ಲಬಾರದು.

ಅರ್ಧ ಹಣ ಬಂದಾಗ ಎಚ್ಚರ. ಜೊತೆಗೆ "ಇದು ಪೂರ್ತಿ ಮತ್ತು ಕೊನೆಯ ಪಾವತಿ" ಎಂಬ ಒಕ್ಕಣೆ ಇದೆಯಾ ನೋಡಿ. ಇದ್ದರೆ ಹಣ ಮುಟ್ಟುವ ಮೊದಲು ವಕೀಲರನ್ನು ಕೇಳಿ, ಹಾಗೇ ನಗದಾಗಿಸಿಕೊಂಡರೆ ಉಳಿದದ್ದನ್ನು ಬಿಟ್ಟುಕೊಟ್ಟ ಹಾಗೆ ಎಂಬ ವಾದ ಬರುತ್ತದೆ. ಇಲ್ಲದಿದ್ದರೆ "ಬಾಕಿಯ ಭಾಗವಾಗಿ ಪಡೆದಿದ್ದೇನೆ, ಉಳಿದದ್ದು ಇಷ್ಟು" ಎಂದು ಅದೇ ದಿನ ರಸೀದಿ ಕಳಿಸಿ. ಕಂತಿನಲ್ಲಿ ಕೊಡುತ್ತೇವೆ ಎಂದರೆ ಒಟ್ಟು ಬಾಕಿಯನ್ನು ಒಪ್ಪಿಕೊಂಡ ಒಂದು ಸಾಲನ್ನೂ ಕಂತಿನ ತಾರೀಖುಗಳನ್ನೂ ಅವರ ಸಹಿಯಲ್ಲಿ ಪಡೆಯಿರಿ. ಫೋನಿನಲ್ಲಿ ಒಪ್ಪಿದ್ದನ್ನು ಅವತ್ತೇ ಮೆಸೇಜಿನಲ್ಲಿ ಬರೆದು ಕಳಿಸಿ.

ಗಡುವು ಮುಗಿದರೂ ಸದ್ದಿಲ್ಲದಿದ್ದರೆ, ಮೊದಲ ಪತ್ರದ ಪ್ರತಿ ಇಟ್ಟು ನಾಲ್ಕು ಸಾಲಿನ ಒಂದೇ ನೆನಪೋಲೆ ಕಳಿಸಿ, 7 ದಿನ ಕೊಡಿ. ಮೂರನೆಯದು, ನಾಲ್ಕನೆಯದು ಬೇಡ, ಓದುವವರಿಗೆ ನಿಮ್ಮ ಗಡುವಿಗೆ ಅರ್ಥವಿಲ್ಲ ಅನ್ನಿಸುತ್ತದೆ. ಆಮೇಲಿನ ದಾರಿ ಮಧ್ಯಸ್ಥಿಕೆ, ಸಣ್ಣ ಮೊತ್ತದ ನ್ಯಾಯಾಲಯ ಅಥವಾ ಬಾಡಿಗೆ ವ್ಯಾಜ್ಯ ನೋಡುವ ಪ್ರಾಧಿಕಾರ, ನಿಮ್ಮಲ್ಲಿ ಯಾವುದಿದೆಯೋ ಅದು. ಹೋಗುವ ಮೊದಲು ಶುಲ್ಕ ಮತ್ತು ವಕೀಲರ ಖರ್ಚನ್ನು 22,400ರ ಪಕ್ಕದಲ್ಲಿ ಬರೆದು ನೋಡಿ. ಹೋಗುವುದಾದರೆ ಪತ್ರ, ನಾಲ್ಕು ಲಗತ್ತು, ಅಂಚೆ ರಸೀದಿ, ಒಡೆಯದ ಲಕೋಟೆ ಇದ್ದರೆ ಅದು, ಇಷ್ಟನ್ನೂ ಇದೇ ಕ್ರಮದಲ್ಲಿ ಒಂದು ಫೈಲಿನಲ್ಲಿ ಜೋಡಿಸಿ ಒಯ್ಯಿರಿ.